ಕೊನೆಯ ಪಾಳಿ ಯಾರಿಗೆ ಎಷ್ಟು? ತಿಂಗಳ ಲೆಕ್ಕ ಇಡುವ ಬಗೆ

ನವಲಗುಂದ ತಾಲ್ಲೂಕಿನ ಮೊರಬದಿಂದ ಹುಬ್ಬಳ್ಳಿಯ ಬಟ್ಟೆ ಅಂಗಡಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಸಹಾಯಕಿಯರು ನಾಲ್ವರು. ಮೊದಲ ಪಾಳಿ 10ರಿಂದ 7, ಕೊನೆಯದು 12ರಿಂದ 9. ಎರಡರಲ್ಲೂ ಊಟಕ್ಕೆ ಒಂದು ತಾಸು ಬಿಡುವು. ತನಗೇ ಕೊನೆಯ ಪಾಳಿ ಹೆಚ್ಚು ಎಂದರೆ ಮ್ಯಾನೇಜರ್, ‘ಎಲ್ಲಾರ್ಗೂ ಅಷ್ಟ ಐತಿ ಬಿಡವಾ’ ಅನ್ನುತ್ತಾರೆ. ಇದಕ್ಕೆ ಉತ್ತರ ಕೊಡುವುದು ಒಂದು ನೋಟ್‌ಬುಕ್.

ದಿನಕ್ಕೊಂದು ಸಾಲು: ತಾರೀಖು, ವಾರ, ಪಾಳಿ, ಒಳಗೆ ಹೋದ ಹೊತ್ತು, ಬಿಟ್ಟ ಹೊತ್ತು, ಊಟದ ಬಿಡುವು, ಕೊನೆಯವರೆಗೆ ಇದ್ದ ಇಬ್ಬರು ಯಾರು. ಬಿಟ್ಟ ಹೊತ್ತೆಂದರೆ ಶಟರ್ ಎಳೆದದ್ದಲ್ಲ. ಸೀರೆ ಮಡಚಿ, ಕಸ ಹೊಡೆದು ಹೊರಬಿದ್ದದ್ದು. ಅಂದಂದೇ ಬರೆಯಿರಿ. ವಾರದ ಕೊನೆಗೆ ನೆನಪಿನಿಂದ ತುಂಬಿದ ಪುಟವನ್ನು ಯಾರೂ ನಂಬುವುದಿಲ್ಲ. ನೀವಾಗಿ ಕೇಳಿ ಪಾಳಿ ಬದಲಿಸಿಕೊಂಡಿದ್ದರೆ ಅದನ್ನೂ ಗುರುತಿಸಿ, ಇಲ್ಲದಿದ್ದರೆ ‘ನೀನs ಕೇಳಿದ್ದಿ’ ಎಂಬ ಮಾತು ಬರುತ್ತದೆ. ಬಸ್ಸಿನ ಹೊತ್ತು ಕೆಲಸದ ಹೊತ್ತಿಗೆ ಸೇರದು.

ತಿಂಗಳಾದ ಮೇಲೆ ಎಣಿಸಿ. 30 ಸಂಜೆಗೆ ಇಬ್ಬರಂತೆ 60 ಪಾಳಿ, ತಲೆಗೆ 15. ಈಕೆಯ ಪುಟದಲ್ಲಿ 21. ಉಳಿದ ಮೂವರಿಗೆ 13ರಂತೆ. ಇನ್ನು ವಾರದಂತೆ ಜೋಡಿಸಿ ನೋಡಿ: ಮಂಗಳವಾರ ರಜೆ, ಮೊದಲ ಪಾಳಿ ಸಿಕ್ಕಿದ್ದು ಹೆಚ್ಚುಕಡಿಮೆ ಗಿರಾಕಿಯಿಲ್ಲದ ಸೋಮವಾರ ಮಾತ್ರ, ಶನಿವಾರ, ಭಾನುವಾರ ಒಂದೂ ತಪ್ಪದೆ ಕೊನೆಯದು. ಯಾರೋ ಹಿಂದೊಮ್ಮೆ ಬರೆದ ಪಟ್ಟಿಯನ್ನೇ ಪ್ರತಿ ವಾರ ನಕಲು ಮಾಡುವ ಅಂಗಡಿಗಳಲ್ಲಿ ಹೀಗಾಗುತ್ತದೆ. ಎಲ್ಲಕ್ಕೂ ದ್ವೇಷವೇ ಕಾರಣವಲ್ಲ.

ಹಣದ ಲೆಕ್ಕ ಬೇರೆ. ಕೊನೆಯ ಪಾಳಿ 9ಕ್ಕೆ ಮುಗಿಯದೆ 9.40ಕ್ಕೆ ಎಳೆಯುತ್ತದೆ. ‘ಇನ್ನೂ ಒಂಬತ್ತು ತಾಸು ಆಗಿಲ್ಲಲ್ಲ’ ಎಂಬ ವಾದ ಅರ್ಧ ಸರಿ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ತಾಸಿನ ಜೊತೆಗೆ ವಾರಕ್ಕೆ 48 ತಾಸಿನ ಮಿತಿಯೂ ಇದೆ. ಯಾವುದು ದಾಟಿದರೂ ಆ ಹೊತ್ತಿಗೆ ದುಪ್ಪಟ್ಟು ಕೂಲಿ. ಆರು ದಿನ ಎಂಟು ತಾಸೆಂದರೆ 48 ಆಗಲೇ ತುಂಬಿತು. ಐದು ಸಲ 40 ನಿಮಿಷ ಸೇರಿದರೆ 51 ತಾಸು 20 ನಿಮಿಷ. ತಿಂಗಳಿಗೆ 21 ಪಾಳಿಯ ಹೆಚ್ಚುವರಿ 14 ತಾಸು. ದಿನಗೂಲಿ 600 ರೂಪಾಯಿ ಎಂದು ಹಿಡಿದರೆ ತಾಸಿಗೆ 75, ದುಪ್ಪಟ್ಟು 150, ಒಟ್ಟು 2,100 ರೂಪಾಯಿ.

ಮದುವೆ, ದೀಪಾವಳಿಯ ತಿಂಗಳಾಗಿದ್ದರೆ ಮುಂದಿನ ತಿಂಗಳೂ ಬರೆಯಿರಿ. ಗೋಡೆಗೆ ಹಚ್ಚಿದ ಪಾಳಿ ಪಟ್ಟಿಯ ಫೋಟೊ, ವಾಟ್ಸ್‌ಆ್ಯಪ್ ಸಂದೇಶ ಅಳಿಸಬೇಡಿ. ಮೊದಲು ಮಾಲಕರಿಗೆ ನಕಲು ತೋರಿಸಿ. ಮೂಲ ಪುಸ್ತಕ ಕೈಬಿಡಬೇಡಿ. ಕೇಳಬೇಕಾದದ್ದು ಎರಡೇ: ಪಾಳಿ ಸರದಿಯಂತೆ ತಿರುಗಲಿ, 40 ನಿಮಿಷ ಹಾಜರಿಯಲ್ಲಿ ಬರಲಿ. ಒಪ್ಪದಿದ್ದರೆ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಡಬಹುದು. ಕೂಲಿಯ ಬಗ್ಗೆ ಅವರು ಕೇಳಿಸಿಕೊಳ್ಳುತ್ತಾರೆ. ಭಾನುವಾರ ಯಾರು ಉಳಿಯಬೇಕೆಂಬುದನ್ನು ಈ ಮಿತಿಗಳು ಹೇಳುವುದಿಲ್ಲ, ಅದನ್ನು ಅಂಗಡಿಯಲ್ಲೇ ಮಾತಾಡಿ ಬಗೆಹರಿಸಬೇಕು. ಈ ಕಾಯ್ದೆ ಸರ್ಕಾರ ಗೊತ್ತುಮಾಡಿದ ಊರುಗಳಿಗೆ ಮಾತ್ರ ಅನ್ವಯ. ಅಂಗಡಿ ಹಳ್ಳಿಯಲ್ಲೇ ಇದ್ದರೆ, ದೂರು ಬರೆಯುವ ಮುನ್ನ ಕಾರ್ಮಿಕ ಇಲಾಖೆಯಲ್ಲಿ ಅದನ್ನು ವಿಚಾರಿಸಿಕೊಳ್ಳಿ.