ಗೆರೆಯ ತುದಿ ಎಲ್ಲಿ ಮುಟ್ಟುತ್ತದೆ?



ನಮ್ಮ ಧರ್ಮಕೇಂದ್ರದ ಒಂದು ಮನೆಗೆ ಭೇಟಿಗೆ ಹೋಗಿದ್ದೆ. ಆ ಮನೆಯ ಕಿರಿಯ ಮಗಳಿಗೆ ಕಣ್ಣು ಕಾಣದು. ಹತ್ತನೇ ತರಗತಿಯ ಪಾಠಗಳನ್ನು ಅವಳ ಅಕ್ಕ ಓದಿ ಹೇಳುತ್ತಾಳೆ. ಅಂದು ಹೃದಯದ ಚಿತ್ರ ಬಂದಿತ್ತು. ಅಕ್ಕ ಸುತ್ತ ಅಚ್ಚಾಗಿದ್ದ ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಓದಿಬಿಟ್ಟಳು. "ಹೆಸರುಗಳೇನೋ ಬಂದವು ಅಕ್ಕ, ಆದರೆ ಯಾವುದು ಎಲ್ಲಿದೆ?" ಎಂದಳು ತಂಗಿ. ಪರೀಕ್ಷೆ ಹತ್ತಿರವಿತ್ತು. ಮೂವರೂ ಕುಳಿತು ಆ ಚಿತ್ರವನ್ನು ಪಟ್ಟಿಯಾಗಿ ಬರೆದೆವು.

ಚಿತ್ರದಲ್ಲಿ ಹೆಸರು ಒಂದು ಕಡೆ, ಭಾಗ ಇನ್ನೊಂದು ಕಡೆ ಇರುತ್ತದೆ. ನಡುವೆ ಒಂದು ಗೆರೆ. ಹೆಸರಿಗೆ ಹತ್ತಿರವಿರುವ ಭಾಗವೇ ಅದರ ಭಾಗ ಎಂದುಕೊಂಡರೆ ತಪ್ಪುತ್ತೇವೆ. ಗೆರೆಯು ಒಂದು ಭಾಗವನ್ನು ದಾಟಿಕೊಂಡು ಮತ್ತೊಂದರಲ್ಲಿ ನಿಲ್ಲಬಹುದು. ಆದ್ದರಿಂದ ಮೊದಲು ಹೆಸರುಗಳನ್ನು ನೋಡಲೇಬೇಡಿ. ಪ್ರತಿ ಗೆರೆಯ ಒಳತುದಿಯಲ್ಲಿ ಪೆನ್ಸಿಲಿನಿಂದ ಒಂದು ಸಂಖ್ಯೆ ಬರೆಯಿರಿ. ಆಮೇಲೆ ತುದಿಯಿಂದ ಹೊರಕ್ಕೆ ಗೆರೆಯನ್ನು ಹಿಂಬಾಲಿಸಿ ಹೆಸರನ್ನು ತಲುಪಿರಿ. ಗೆರೆಗಳು ಒತ್ತೊತ್ತಾಗಿದ್ದರೆ ಅಡಿಪಟ್ಟಿ ಇಟ್ಟುಕೊಳ್ಳಿ. ಕೊನೆಗೆ ಸಂಖ್ಯೆಗಳನ್ನೂ ಹೆಸರುಗಳನ್ನೂ ಎಣಿಸಿ. ಸಂಖ್ಯೆಗಳು ಹೆಚ್ಚಾಗಿದ್ದರೆ, ಒಂದೇ ಹೆಸರಿನಿಂದ ಎರಡು ಗೆರೆಗಳು ಕವಲೊಡೆದಿವೆಯೇ ನೋಡಿ.

ಇನ್ನೊಂದು ಎಚ್ಚರಿಕೆ. ಹೃದಯದ ಚಿತ್ರ ನಮ್ಮೆದುರು ನಿಂತ ಮನುಷ್ಯನದು. ಪೀಠದ ಬಳಿ ನಿಂತು ಜನರತ್ತ ನೋಡುವಾಗ ಅವರ ಬಲಗೈ ನನ್ನ ಎಡಕ್ಕಿರುತ್ತದಲ್ಲವೇ, ಹಾಗೆಯೇ ಹೃದಯದ ಬಲಭಾಗ ಪುಟದ ಎಡಭಾಗದಲ್ಲಿರುತ್ತದೆ. ಪಟ್ಟಿಯ ಮೇಲೆಯೇ ಇದನ್ನು ಬರೆಯಬೇಕು.

ರಕ್ತ ಹರಿಯುವ ಕ್ರಮದಲ್ಲಿ ಜೋಡಿಸಿದಾಗ ನಮ್ಮ ಪಟ್ಟಿ ಹೀಗಾಯಿತು:

1. ಮೇಲಿನ ಮಹಾಅಭಿಧಮನಿ – ದೇಹದ ಮೇಲ್ಭಾಗದ ರಕ್ತವನ್ನು ಬಲ ಹೃತ್ಕರ್ಣಕ್ಕೆ ಮೇಲಿನಿಂದ ತರುತ್ತದೆ.
2. ಕೆಳಗಿನ ಮಹಾಅಭಿಧಮನಿ – ದೇಹದ ಕೆಳಭಾಗದ ರಕ್ತವನ್ನು ಅದೇ ಕೋಣೆಗೆ ಕೆಳಗಿನಿಂದ ತರುತ್ತದೆ.
3. ಬಲ ಹೃತ್ಕರ್ಣ – ಪುಟದ ಎಡಕ್ಕೆ, ಮೇಲಿನ ಕೋಣೆ.
4. ಬಲ ಹೃತ್ಕುಕ್ಷಿ – ಅದರ ಕೆಳಗಿನ ಕೋಣೆ.
5. ಶ್ವಾಸಕೋಶದ ಅಪಧಮನಿ – ಬಲ ಹೃತ್ಕುಕ್ಷಿಯಿಂದ ಹೊರಟು, ಎರಡಾಗಿ ಕವಲೊಡೆದು ಶ್ವಾಸಕೋಶಗಳಿಗೆ ಹೋಗುತ್ತದೆ.
6. ಶ್ವಾಸಕೋಶದ ಅಭಿಧಮನಿಗಳು – ಶ್ವಾಸಕೋಶಗಳಿಂದ ಎಡ ಹೃತ್ಕರ್ಣಕ್ಕೆ ಬರುತ್ತವೆ; ಸಾಮಾನ್ಯವಾಗಿ ನಾಲ್ಕು.
7. ಎಡ ಹೃತ್ಕರ್ಣ – ಪುಟದ ಬಲಕ್ಕೆ, ಮೇಲಿನ ಕೋಣೆ.
8. ಎಡ ಹೃತ್ಕುಕ್ಷಿ – ಅದರ ಕೆಳಗಿನ ಕೋಣೆ. ಗೋಡೆ ಎಲ್ಲಕ್ಕಿಂತ ದಪ್ಪ.
9. ಮಹಾಅಪಧಮನಿ – ಎಡ ಹೃತ್ಕುಕ್ಷಿಯಿಂದ ಹೊರಟು, ಮೇಲೆ ಕಮಾನಿನಂತೆ ಬಾಗಿ ದೇಹಕ್ಕೆ ರಕ್ತ ಒಯ್ಯುತ್ತದೆ.
10. ನಡುಗೋಡೆ – ಬಲ ಮತ್ತು ಎಡ ಕೋಣೆಗಳನ್ನು ಬೇರ್ಪಡಿಸುತ್ತದೆ.

ಮೊದಲ ಸಲ ಈ ಪಟ್ಟಿ ಸರಿಯಾಗಿರಲಿಲ್ಲ. 5 ಮತ್ತು 6ರ ಗೆರೆಗಳು ಪಕ್ಕಪಕ್ಕದಲ್ಲಿದ್ದುದರಿಂದ ಅಕ್ಕ ಹೆಸರುಗಳನ್ನು ಅದಲುಬದಲು ಮಾಡಿದ್ದಳು. ನನಗೂ ಕಾಣಲಿಲ್ಲ. ಕಂಡುಹಿಡಿದವಳು ತಂಗಿಯೇ. ಓದಿಸಿ ಕೇಳಿದ ಅವಳು, "ಫಾದರ್, ಅಪಧಮನಿ ಎಂದರೆ ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವುದು. ಇಲ್ಲಿ ಅದು ಎಡ ಹೃತ್ಕರ್ಣಕ್ಕೆ ತರುತ್ತಿದೆಯಲ್ಲ?" ಎಂದಳು. ಅಕ್ಕ ತಬ್ಬಿಬ್ಬಾಗಿ ಪುಸ್ತಕವನ್ನು ಮತ್ತೆ ತೆರೆದಳು. ನೀಲಿ ಬಣ್ಣದ ನಾಳವನ್ನು ಅಭಿಧಮನಿ ಎಂದು ಭಾವಿಸಿದ್ದೇ ತಪ್ಪಿಗೆ ಕಾರಣ. ಬಣ್ಣ ರಕ್ತದಲ್ಲಿ ಆಮ್ಲಜನಕ ಹೆಚ್ಚೋ ಕಡಿಮೆಯೋ ಎಂಬುದನ್ನು ತೋರಿಸುತ್ತದೆಯೇ ಹೊರತು ನಾಳದ ಜಾತಿಯನ್ನಲ್ಲ. ಶ್ವಾಸಕೋಶದ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆಯಿರುವ ರಕ್ತ ಹರಿಯುವುದರಿಂದ ಅದನ್ನು ನೀಲಿಯಾಗಿ ಬರೆಯುತ್ತಾರೆ.

ಹೀಗೆ ಹರಿವಿನ ಕ್ರಮದಲ್ಲಿ ಬರೆದ ಪಟ್ಟಿ ತನ್ನ ತಪ್ಪನ್ನು ತಾನೇ ತೋರಿಸುತ್ತದೆ. ಆದರೆ ಎಲ್ಲ ತಪ್ಪುಗಳನ್ನೂ ಅಲ್ಲ. 1 ಮತ್ತು 2ರ ಹೆಸರುಗಳು ಅದಲುಬದಲಾದರೆ ರಕ್ತದ ದಾರಿ ಕಡಿಯುವುದಿಲ್ಲ, ಏಕೆಂದರೆ ಎರಡೂ ಒಂದೇ ಕೋಣೆಗೆ ಸೇರುತ್ತವೆ. ಅಲ್ಲಿ ಕಣ್ಣುಳ್ಳವರು ಗೆರೆಯ ತುದಿಯನ್ನು ಮತ್ತೊಮ್ಮೆ ನೋಡಲೇಬೇಕು. ಅಕ್ಕ ಬೆರಳಿಟ್ಟು ನೋಡಿದಳು. ತಂಗಿ ಪಟ್ಟಿಯನ್ನು ತನ್ನ ಬ್ರೈಲ್ ಹಾಳೆಗೆ ಇಳಿಸಿಕೊಂಡಳು.