ಆ ಸೀರಿಯಲ್ ಯಾವ ಇಸವಿಯದು? ನಾಲ್ಕು ನಿಮಿಷದ ಕ್ಲಿಪ್ ಒಂದರ ಲೆಕ್ಕ

ಕಳೆದ ಸೆಮಿಸ್ಟರ್ ರಜೆ ಮುಗಿಸಿ ಬರುವಾಗ ನಮ್ಮ ಬ್ಯಾಚಿನ ಗೆಳತಿಯೊಬ್ಬಳು ಪೆನ್‌ಡ್ರೈವ್‌ನಲ್ಲಿ ಒಂದು ವಿಡಿಯೋ ತಂದಳು. ಅವಳ ತಾಯಿಯ ತವರು ಅಥಣಿ ತಾಲೂಕಿನ ಅನಂತಪುರ. ಅವಳ ಮಾಮಾ ಹಿಂದೆ ಟಿವಿಯಿಂದ ಟೇಪಿಗೆ ಹಿಡಿದು, ಆಮೇಲೆ ಡಿವಿಡಿಗೆ ಹಾಕಿಸಿಟ್ಟ ಯಾವುದೋ ಸೀರಿಯಲ್ಲಿನ ನಾಲ್ಕು ನಿಮಿಷ ಅದು. ಶುರುವೂ ಇಲ್ಲ, ಕೊನೆಯೂ ಇಲ್ಲ, ಹೆಸರೂ ಇಲ್ಲ. ಬಸ್‌ಸ್ಟ್ಯಾಂಡಿನ ದೃಶ್ಯ. ಹೀರೋ ಹಿಂದುಗಡೆ ಬೆಂಚಿನ ಮೇಲೆ ರುಮಾಲು ಸುತ್ತಿಕೊಂಡು ಕೂತವರು ಅವಳ ಅಜ್ಜ. ಅಜ್ಜ ತೀರಿಕೊಂಡದ್ದು 2006ರಲ್ಲಿ. ಅವರು ಅಲುಗಾಡುವುದು, ತಿರುಗಿ ನೋಡುವುದು ಕಾಣುವ ವಿಡಿಯೋ ಮನೆಯಲ್ಲಿ ಇದೊಂದೇ.

ಇದು ಯಾವ ಇಸವಿಯದು ಅಂತ ಮನೆಯಲ್ಲಿ ಜಗಳ. ಅವಳ ಅವ್ವ "ನನ್ನ ಮದುವಿಗಿಂತ ಮೊದಲಿಂದು" ಅಂತಾರೆ. ಮದುವೆ ಆದದ್ದು 1999ರಲ್ಲಿ. ಮಾಮಾ "ಇಲ್ಲಬೇ ಅಕ್ಕಾ, ಭಾಳ ನಂತರದ್ದು" ಅಂತಾರೆ. ಅದಕ್ಕೆ ನಾವು ನಾಲ್ಕು ಜನ ಹಾಸ್ಟೆಲ್ ರೂಮಿನಲ್ಲಿ ಕೂತು ಲೆಕ್ಕ ಹಾಕಿದೆವು. ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಒಂದು ನಿಯಮ

ದೃಶ್ಯದಲ್ಲಿ ಕಾಣುವ ಹಳೆಯ ವಸ್ತು ಏನನ್ನೂ ಹೇಳುವುದಿಲ್ಲ. ಅತಿ ಹೊಸ ವಸ್ತು ಮಾತ್ರ ಹೇಳುತ್ತದೆ. ಅಂಬಾಸಿಡರ್ ಕಂಡರೆ 1960ರ ದಶಕ ಅಂತ ಅಲ್ಲ, ಆ ಕಾರು 2014ರವರೆಗೂ ತಯಾರಾಗುತ್ತಿತ್ತು. ಆದರೆ ಮಾರುತಿ 800 ಕಂಡರೆ ಶೂಟಿಂಗ್ 1983ರ ಡಿಸೆಂಬರ್‌ಗಿಂತ ಹಿಂದೆ ಆಗಿರಲು ಸಾಧ್ಯವೇ ಇಲ್ಲ. ಹೀಗೆ "ಇದಕ್ಕಿಂತ ಹಿಂದೆ ಅಲ್ಲ" ಅನ್ನುವ ಗೆರೆಯನ್ನು ನಾವು ನೆಲ ಅಂತ ಕರೆದೆವು, "ಇದಕ್ಕಿಂತ ಮುಂದೆ ಅಲ್ಲ" ಅನ್ನುವ ಗೆರೆಯನ್ನು ಚಾವಣಿ ಅಂತ. ನೆಲ ಸಿಗುವುದು ಸುಲಭ, ಚಾವಣಿ ಕಷ್ಟ. ಯಾಕಂದ್ರೆ ವಸ್ತುಗಳು ಹುಟ್ಟಿದ ದಿನ ಗೊತ್ತಿರುತ್ತದೆ, ಬಳಕೆಯಿಂದ ಹೋದ ದಿನ ಗೊತ್ತಿರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಕಥೆ ನಡೆಯುವ ಕಾಲ, ಶೂಟಿಂಗ್ ಕಾಲ, ಪ್ರಸಾರದ ಕಾಲ ಮೂರೂ ಬೇರೆ. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂದದ್ದು 1986ರಲ್ಲಿ, ಆದರೆ ಅದರ ಸ್ವಾಮಿ ಓಡಾಡುವುದು ಬ್ರಿಟಿಷರ ಕಾಲದ ಊರಲ್ಲಿ. ಅಲ್ಲಿನ ಟೋಪಿ, ಗಾಡಿ ನೋಡಿ ಇಸವಿ ಹೇಳಹೊರಟರೆ ಐವತ್ತು ವರ್ಷ ತಪ್ಪುತ್ತೇವೆ. ನಮ್ಮ ಕ್ಲಿಪ್ಪಿನಲ್ಲಿ ಈ ತೊಂದರೆ ಇರಲಿಲ್ಲ. ಹಿಂದೆ ಓಡಾಡುವ ಜನ, ಬಸ್ಸು ಎಲ್ಲ ನಿಜದ್ದೇ.

ಚಿತ್ರದ ಗುಣಮಟ್ಟ

ನಾವು ಮೊದಲು ಫೈಲನ್ನೇ ಕೇಳಿದೆವು:

```
ffprobe -v error -select_streams v:0 -show_entries stream=width,height,display_aspect_ratio,field_order clip.vob
```

720×576, ಆಕಾರ 4:3, ಇಂಟರ್‌ಲೇಸ್ ಅಂತ ಉತ್ತರ ಬಂತು. ಇದು ನಮ್ಮ ದೇಶದ ಹಳೆಯ ಪಾಲ್ ಟಿವಿ ಪದ್ಧತಿ. ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮನ್ನೂ ಬೆಸ ಸಾಲು, ಸರಿ ಸಾಲು ಅಂತ ಎರಡು ಸಲಕ್ಕೆ ಕಳಿಸುತ್ತಿದ್ದರು. ಎರಡರ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗದ ಅಂತರ. ಅಷ್ಟರಲ್ಲಿ ಬಸ್ಸು ಸ್ವಲ್ಪ ಮುಂದೆ ಹೋಗಿರುತ್ತದೆ. ಅದಕ್ಕೇ ವಿಡಿಯೋ ನಿಲ್ಲಿಸಿದರೆ ಓಡುವ ಬಸ್ಸಿನ ಅಂಚು ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತದೆ.

ಇದರಿಂದ ಇಸವಿ ಸಿಗುತ್ತಾ? ಇಲ್ಲ. ದಶಕಗಟ್ಟಲೆ ಟಿವಿ ಹೀಗೇ ಇತ್ತು. ಬಣ್ಣ ಮಾಸಿದ್ದು, ಗೆರೆ ಬಿದ್ದದ್ದು ಟೇಪಿನ ವಯಸ್ಸೇ ಹೊರತು ಕ್ಯಾಮೆರಾದ್ದಲ್ಲ. ಅವ್ವ ಮೋಸ ಹೋದದ್ದು ಇಲ್ಲೇ ಇರಬೇಕು, ಮಸುಕಾಗಿದೆ ಅಂದ್ರೆ ಹಳೆಯದು ಅಂತ. ಫೈಲಿನ ಮೇಲಿದ್ದ 2011 ಅನ್ನುವ ತಾರೀಖೂ ಡಿವಿಡಿ ಮಾಡಿದ ದಿನದ್ದು. ಉಲ್ಟಾ ಮೋಸವೂ ಉಂಟು. ಹಳೇ ವಿಡಿಯೋವನ್ನು ದೊಡ್ಡದು ಮಾಡಿ 1080 ಅಂತ ಹಾಕಿರುತ್ತಾರೆ, ಅಗಲ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿರುತ್ತಾರೆ. ಎಲ್ಲರ ತಲೆಯೂ ಅರ್ಧ ಕಟ್ ಆಗಿದ್ದರೆ ಅದು ಮೂಲದಲ್ಲಿ 4:3 ಇದ್ದಿರಬಹುದು.

ಮೂಲೆ, ವಾಹನ, ಫೋನು

ಮೇಲಿನ ಮೂಲೆಯಲ್ಲಿ ಈಟಿವಿ ಕನ್ನಡದ ಲೋಗೋ ಇತ್ತು. ಆ ವಾಹಿನಿ ಶುರುವಾದದ್ದು 2000ದ ಡಿಸೆಂಬರ್‌ನಲ್ಲಿ, ಹೆಸರು ಕಲರ್ಸ್ ಕನ್ನಡ ಆದದ್ದು 2015ರಲ್ಲಿ. ಅಂದರೆ ಪ್ರಸಾರ ಈ ಎರಡರ ನಡುವೆ. ಆದರೆ ಲೋಗೋ ಹೇಳುವುದು ಪ್ರಸಾರವನ್ನು ಮಾತ್ರ. ಹಳೇ ಸೀರಿಯಲ್ ಮರುಪ್ರಸಾರ ಆಗಿದ್ದರೂ ಅದೇ ಲೋಗೋ ಇರುತ್ತಿತ್ತು. ಹಾಗಾಗಿ ದೃಶ್ಯದ ಒಳಗೆ ಹುಡುಕಬೇಕು.

ಬಸ್ಸಿನ ಮೇಲೆ "ವಾಯವ್ಯ" ಅಂತ ಓದಲು ಆಗುತ್ತಿತ್ತು. ವಾಯವ್ಯ ಸಾರಿಗೆ ಸಂಸ್ಥೆ ಬೇರೆ ಆದದ್ದು 1997ರಲ್ಲಿ, ಅದು ಮೊದಲ ನೆಲ. ಬಲಗಡೆ ನಿಂತ ಪಲ್ಸರ್ ಆ ನೆಲವನ್ನು 2001ಕ್ಕೆ ಏರಿಸಿತು. ಅಲ್ಲಿಗೆ "ಮದುವಿಗಿಂತ ಮೊದಲು" ಅನ್ನುವುದು ಮುಗಿದೇ ಹೋಯಿತು. ಪಕ್ಕದ ಹೀರೋ ಹೋಂಡಾ ಬೈಕು, ಹಳದಿ ಎಸ್‌ಟಿಡಿ ಬೋರ್ಡು ಏನೂ ಸೇರಿಸಲಿಲ್ಲ, ಅವು ಇನ್ನೂ ಹಿಂದಿನಿಂದ ಇದ್ದವು.

ಆಮೇಲೆ ಹೀರೋ ಜೇಬಿನಿಂದ ಫೋನು ತೆಗೆಯುತ್ತಾನೆ. ನೆತ್ತಿಯ ಮೇಲೆ ಟಾರ್ಚ್, ಕೀಪ್ಯಾಡಿಗೆ ಒಂದೇ ಹಾಳೆಯ ರಬ್ಬರ್ ಹೊದಿಕೆ. ನೋಕಿಯಾ 1100. ಅದು ಬಂದದ್ದು 2003ರಲ್ಲಿ. ನೆಲ 2003ಕ್ಕೆ ಬಂತು. ಕ್ಯಾಮೆರಾ ಆ ಫೋನಿಗೆ ಕ್ಲೋಸಪ್ ಕೊಡುತ್ತದೆ, ಬೆಂಚಿನವರೆಲ್ಲ ಕತ್ತು ತಿರುಗಿಸಿ ನೋಡುತ್ತಾರೆ, ಅಜ್ಜನೂ ನೋಡುತ್ತಾರೆ. ಮೊಬೈಲ್ ಇನ್ನೂ ನೋಡುವಂಥ ವಸ್ತುವಾಗಿದ್ದ ಕಾಲ ಅನ್ನಿಸುತ್ತದೆ. ಆದರೆ ಇದು ಬರೀ ಒಲವು, ಸಾಕ್ಷಿ ಅಲ್ಲ.

ಟಾಟಾ ಏಸ್ ಒಂದೂ ಕಾಣಲಿಲ್ಲ. ಅದು ಬಂದದ್ದು 2005ರಲ್ಲಿ, ಆದ್ದರಿಂದ ಕ್ಲಿಪ್ ಅದಕ್ಕಿಂತ ಹಿಂದಿನದು ಅಂತ ನಮ್ಮಲ್ಲೊಬ್ಬ ವಾದಿಸಿದ. ಒಪ್ಪಲಿಲ್ಲ. ನಾಲ್ಕು ನಿಮಿಷದಲ್ಲಿ ಕಾಣಲಿಲ್ಲ ಅಂದ್ರೆ ಇರಲೇ ಇಲ್ಲ ಅಂತ ಆಗಲ್ಲ.

ಬಟ್ಟೆ

ಬಟ್ಟೆ ಎಲ್ಲಕ್ಕಿಂತ ದುರ್ಬಲ ಸುಳಿವು. ಹೀರೋನ ಪ್ಯಾಂಟಿನ ಅಗಲ ನೋಡಿ ನಾಲ್ವರೂ ನಾಲ್ಕು ಇಸವಿ ಹೇಳಿದೆವು. ಬೆಂಗಳೂರಿನ ಫ್ಯಾಷನ್ ಅಥಣಿ ಕಡೆಗೆ ಬರುವುದಕ್ಕೂ ಟೈಮ್ ಬೇಕು, ಬಂದ ಮೇಲೆ ಹೋಗುವುದಕ್ಕೂ ಬೇಕು. ಇನ್ನು ಅಜ್ಜನ ಧೋತರ, ರುಮಾಲು, ಪಕ್ಕದ ಅಜ್ಜಿಯ ಇಳಕಲ್ ಸೀರೆ 1970ರಲ್ಲೂ ಹಾಗೇ, ಇವತ್ತೂ ಹಾಗೇ. ನಮಗೆ ಯಾರ ಇಸವಿ ಬೇಕಿತ್ತೋ ಅವರ ಮೈಮೇಲೆ ಒಂದೂ ಸುಳಿವು ಇರಲಿಲ್ಲ.

ಉತ್ತರ

ನೆಲ 2003. ಚಾವಣಿಯನ್ನು ಕೊಟ್ಟದ್ದು ಯಾವ ಫೋನೂ ಅಲ್ಲ, ಗಾಡಿಯೂ ಅಲ್ಲ. ಅಜ್ಜ ಬೆಂಚಿನ ಮೇಲೆ ಕೂತಿದ್ದಾರೆ, ಆದ್ದರಿಂದ 2006ರ ಆಚೆ ಹೋಗುವಂತಿಲ್ಲ. ಅಂದರೆ ಅವರ ಕೊನೆಯ ಮೂರು ವರ್ಷಗಳಲ್ಲಿ ಯಾವುದೋ ಒಂದು ದಿನ. ಇನ್ನೂ ಸಣ್ಣದು ಮಾಡಲು ನಮ್ಮಿಂದ ಆಗಲಿಲ್ಲ.

ಗೆಳತಿ ಮನೆಗೆ ಫೋನ್ ಮಾಡಿ ಹೇಳಿದಳು. ಅವ್ವ ಒಪ್ಪಲಿಲ್ಲ. "ಆವಾಗ ಅಪ್ಪಗ ಮಣಕಾಲು ಹಿಡಿದಿದ್ದವು, ಕೋಲು ಇಲ್ದ ಹೊರಗ ಹೋಗತಿದ್ದಿಲ್ಲ" ಅಂದರು. ನಾವು ಕ್ಲಿಪ್ ಮತ್ತೆ ಹಾಕಿ, ಒಂದೊಂದೇ ಫ್ರೇಮ್ ಸರಿಸಿದೆವು. ಹೀರೋ ಪಕ್ಕಕ್ಕೆ ಸರಿದಾಗ ಬೆಂಚಿಗೆ ಆನಿಸಿಟ್ಟ ಕೋಲು ಕಾಣುತ್ತದೆ. ಸ್ಕ್ರೀನ್‌ಶಾಟ್ ಕಳಿಸಿದೆವು. ಸ್ವಲ್ಪ ಹೊತ್ತಾದ ಮೇಲೆ ಅವ್ವನ ಮೆಸೇಜ್ ಬಂತು: "ಹೌದವಾ, ಇದು ಅಪ್ಪನ ಕೋಲೇ."