ಶೇ 8 ಅಂದರೆ ಯಾವುದರ ಶೇ 8?

ಪ್ರಶ್ನೆ: ತುಮಕೂರಿನ ಖಾಸಗಿ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಸಂಬಳ ತಿಂಗಳಿಗೆ 32,000 ರೂಪಾಯಿ. ಜುಲೈಯಿಂದ ಶೇ 8ರಷ್ಟು ಹೆಚ್ಚಳ ಎಂದು ಪತ್ರ ಕೊಟ್ಟರು. ತಿಂಗಳಿಗೆ 2,560 ಜಾಸ್ತಿ, ವರ್ಷಕ್ಕೆ 4,14,720 ಆಯಿತೆಂದು ಲೆಕ್ಕ ಹಾಕಿ, 2,500ರ ಚೀಟಿಗೆ ಹೆಸರು ಕೊಟ್ಟುಬಿಟ್ಟೆ. ಬ್ಯಾಂಕಿಗೆ ಬಂದದ್ದು 1,126 ಮಾತ್ರ ಜಾಸ್ತಿ. ನನಗೆ ಮೋಸವಾಯಿತೇ? ಪತ್ರ, ಪೇ ಸ್ಲಿಪ್ ಕಳಿಸಿದ್ದೇನೆ.

ಉತ್ತರ: ಮೋಸವಾದಂತೆ ಕಾಣುವುದಿಲ್ಲ. ನಿಮ್ಮ ಗುಣಾಕಾರವೂ ಸರಿಯಾಗಿದೆ. ಆದರೆ ಪತ್ರದ ಎರಡನೇ ಸಾಲಿನಲ್ಲಿ ಹೆಚ್ಚಳ 'ಮೂಲ ವೇತನದ ಮೇಲೆ' ಎಂದಿದೆ. ನೀವು ಅದನ್ನು ಪೂರ್ತಿ ಸಂಬಳಕ್ಕೆ ಹಾಕಿದ್ದೀರಿ.

ನಿಮ್ಮ ಹಳೆಯ 32,000ದಲ್ಲಿ ಮೂಲ ವೇತನ 16,000. ಮನೆ ಬಾಡಿಗೆ ಭತ್ಯೆ 6,400, ವಿಶೇಷ ಭತ್ಯೆ 9,600. ಶೇ 8 ಸೇರಿದ್ದು ಆ 16,000ಕ್ಕೆ ಮಾತ್ರ, ಅಂದರೆ 1,280 ರೂಪಾಯಿ. ಭತ್ಯೆಗಳು ಇದ್ದಲ್ಲೇ ಇವೆ. ಹಾಗಾಗಿ ಹೊಸ ಸಂಬಳ 33,280. ಹೆಚ್ಚಾದ 1,280ನ್ನು ಹಳೆಯ 32,000ದಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಿಮಗೆ ನಿಜವಾಗಿ ಸಿಕ್ಕ ಹೆಚ್ಚಳ ಗೊತ್ತಾಗುತ್ತದೆ: ಶೇ 4.

ಇನ್ನುಳಿದ 154 ರೂಪಾಯಿ ಪಿಎಫ್‌ಗೆ ಹೋಗಿದೆ. ನಿಮ್ಮಲ್ಲಿ ಮೂಲ ವೇತನದ ಶೇ 12 ಕಡಿತವಾಗುತ್ತದೆ. ಅದು 1,920ರಿಂದ 2,074ಕ್ಕೆ ಏರಿದೆ. ಕೈಗೆ ಬರದಿದ್ದರೂ ಅದು ನಿಮ್ಮ ಖಾತೆಯಲ್ಲೇ ಇರುವ ಹಣ, ಕಳೆದುಹೋಯಿತೆಂದು ನೊಂದುಕೊಳ್ಳಬೇಡಿ.

ವರ್ಷದ ಲೆಕ್ಕಕ್ಕೆ ಬರೋಣ. 33,280ನ್ನು ಹನ್ನೆರಡರಿಂದ ಗುಣಿಸಿದರೆ 3,99,360. ಹಳೆಯದು 3,84,000 ಇತ್ತು. ಅಲ್ಲಿಗೆ ಏರಿದ್ದು 15,360. ತಿಂಗಳಿಗೆ ಶೇ 4 ಏರಿದರೆ ವರ್ಷಕ್ಕೂ ಶೇ 4ರಷ್ಟೇ ಏರುತ್ತದೆ, ರೂಪಾಯಿ ಮಾತ್ರ ಹನ್ನೆರಡು ಪಟ್ಟಾಗುತ್ತದೆ.

ಆದರೆ ಈ ಹಣಕಾಸು ವರ್ಷದಲ್ಲಿ ನಿಮಗೆ ಆ 3,99,360 ಕೂಡ ಪೂರ್ತಿ ಸಿಗುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಹಳೆಯ ದರದಲ್ಲಿ 96,000 ಬಂದಾಗಿದೆ. ಜುಲೈಯಿಂದ ಮಾರ್ಚ್‌ವರೆಗಿನ ಒಂಬತ್ತು ತಿಂಗಳಿಗೆ 2,99,520. ಎರಡೂ ಸೇರಿ 3,95,520. ಹೆಚ್ಚಳ ಏಪ್ರಿಲ್‌ನಿಂದಲೇ ಅನ್ವಯ ಎಂದು ಪತ್ರದಲ್ಲಿದ್ದಿದ್ದರೆ ಮೂರು ತಿಂಗಳ ಬಾಕಿ ಕೇಳಬಹುದಿತ್ತು. ನಿಮ್ಮದರಲ್ಲಿ ಜುಲೈ 1 ಎಂದೇ ಇದೆ.

ಒಂದನ್ನು ಮಾತ್ರ ಎಚ್‌ಆರ್ ಅವರಲ್ಲಿ ಕೇಳಿ ನೋಡಿ. ಬಾಡಿಗೆ ಭತ್ಯೆ ಹಿಂದೆ ಮೂಲ ವೇತನದ ಸರಿಯಾಗಿ ಶೇ 40 ಇತ್ತು. ನೇಮಕಾತಿ ಪತ್ರದಲ್ಲಿ 'ಶೇ 40' ಎಂದೇ ಬರೆದಿದ್ದರೆ ಅದು ಈಗ 6,912 ಆಗಬೇಕು, ನಿಮಗೆ ತಿಂಗಳಿಗೆ ಇನ್ನೂ 512 ಬರಬೇಕು. 6,400 ಎಂಬ ಮೊತ್ತವನ್ನಷ್ಟೇ ಬರೆದಿದ್ದರೆ ಕೇಳಲು ಆಧಾರವಿಲ್ಲ.

ಚೀಟಿಯ ವಿಷಯದಲ್ಲಿ ನಿಮ್ಮ ಆತಂಕ ನ್ಯಾಯವಾದದ್ದೇ. ಮೊದಲ ಕಂತು ಕಟ್ಟುವ ಮುಂಚೆಯೇ ಚೀಟಿ ನಡೆಸುವವರಿಗೆ ಹೇಳಿ, ಸಾವಿರದ ಗುಂಪಿಗೆ ಬದಲಾಯಿಸಿಕೊಳ್ಳಿ. 1,126ರಲ್ಲಿ ಅದನ್ನು ಕಟ್ಟಬಹುದು.